ಷರತ್ತಿನ ಕಾಲಂ

ಬೆಳಂಬಾರದ ಪಿಯುಸಿ ಹುಡುಗಿಯೊಬ್ಬಳು ಮಾಡಿಕೊಂಡ ಭೌತಶಾಸ್ತ್ರದ ಸೂತ್ರಗಳ ಹಾಳೆ ನನಗೆ ಬಹಳ ಹಿಡಿಸಿತು. ಗೆಳತಿಯ ನೋಟ್‌ಬುಕ್ಕಿನ ಪುಟ ಫೋಟೊ ಆಗಿ ಮೊಬೈಲಿಗೆ ಬಂದಿತ್ತು. ಚಲನೆ, ಲೋಲಕ, ಅನಿಲ ಎಲ್ಲವೂ ಅದರಲ್ಲಿ ಕಲಸಿಹೋಗಿದ್ದವು. T ಒಂದೇ ಮೂರು ವೇಷದಲ್ಲಿತ್ತು: ಹಗ್ಗದ ಎಳೆತ, ಆಂದೋಲನದ ಅವಧಿ, ತಾಪ. ಹಾಗಾಗಿ ಅವಳು ಮೊದಲು ಪ್ರತಿ ಅಕ್ಷರಕ್ಕೂ ಅರ್ಥ, ಏಕಮಾನ ಬರೆದು, ಆಮೇಲೆ ವಿಷಯವಾರು ಬೇರ್ಪಡಿಸಿದಳು.

v² = u² + 2as ಸೂತ್ರದಲ್ಲಿ v ಮೇಲಿನ 2 ಫೋಟೊದಲ್ಲಿ ಮಾಸಿತ್ತು. ಎಡಕ್ಕೆ m/s, ಬಲಕ್ಕೆ m²/s² ಬಂದಾಗ ತಪ್ಪು ಸಿಕ್ಕಿತು. ಆದರೆ s = ut + ½at² ನಲ್ಲಿ ½ ಅಳಿಸಿದ್ದರೆ ಏಕಮಾನ ನೋಡಿ ಗೊತ್ತಾಗದು; ಅದಕ್ಕೆ ಪಠ್ಯಪುಸ್ತಕವನ್ನೇ ತೆರೆಯಬೇಕು.

ನನಗೆ ಹೆಚ್ಚು ಇಷ್ಟವಾದದ್ದು ಹಾಳೆಯ ಕೊನೆಯ ಕಾಲಂ, ಪ್ರತಿ ಸೂತ್ರದ ಷರತ್ತು ಬರೆದದ್ದು. T = 2π√(l/g) ಎದುರು ‘ಸಣ್ಣ ಕೋನಕ್ಕೆ ಮಾತ್ರ’ ಎಂದಿದೆ. ಲೋಲಕವನ್ನು 10° ಎಳೆದು ಬಿಟ್ಟರೆ ವ್ಯತ್ಯಾಸ ಶೇ. 0.2ನ್ನೂ ಮುಟ್ಟದು; 60° ಎಳೆದರೆ ನಿಜವಾದ ಅವಧಿ ಸುಮಾರು ಶೇ. 7 ಹೆಚ್ಚು. ಚಲನೆಯ ಸೂತ್ರಗಳ ಎದುರು ‘ವೇಗೋತ್ಕರ್ಷ ಸ್ಥಿರವಿದ್ದರೆ’ ಎಂದಿದೆ. ಲೋಲಕದ ವೇಗೋತ್ಕರ್ಷ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಆ ಸೂತ್ರಗಳು ಅದಕ್ಕೆ ಹೊಂದುವುದಿಲ್ಲ.