ತೋಳಿನ ಮೇಲಿನ ಚೀಟಿ

ಈ ವಾರ ಬಣ್ಣಗಳ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಬಣ್ಣಕ್ಕೆ ಬರುತ್ತೇನೆ, ಸ್ವಲ್ಪ ತಾಳಿ. ಮದುವೆ ಹಂಗಾಮು ಶುರುವಾಗಿದೆ, ಆರತಕ್ಷತೆಗಳ ಸಾಲಿನಲ್ಲಿ ನಿಂತು ನಿಂತು ನನ್ನ ಹಳೆಯ ಸಿಟ್ಟೊಂದು ಮತ್ತೆ ತಲೆ ಎತ್ತಿದೆ. ವರನ ಗೆಳೆಯರು ಹೊಸ ಬ್ಲೇಜರ್ ತೊಟ್ಟು ವೇದಿಕೆ ಹತ್ತುತ್ತಾರೆ. ಎಡತೋಳಿನ ತುದಿಯಲ್ಲಿ, ಗುಂಡಿಗಳ ಪಕ್ಕದಲ್ಲೇ, ಕಂಪನಿಯ ಹೆಸರಿರುವ ಬಟ್ಟೆಚೀಟಿ ಹಾಗೇ ಇರುತ್ತದೆ. ಫೋಟೊದವನು ಕೈ ಕಟ್ಟಿಕೊಳ್ಳಿ ಎಂದರೆ ಇನ್ನೂ ಚೆನ್ನ, ಚೀಟಿಯೇ ಎಲ್ಲರ ಮುಂದೆ ಬರುತ್ತದೆ.

ಆ ಚೀಟಿ ಇರುವುದು ಅಂಗಡಿಯವನಿಗಾಗಿ. ಹ್ಯಾಂಗರಿಗೆ ಒತ್ತೊತ್ತಾಗಿ ನೇತುಹಾಕಿದ ಕೋಟುಗಳಲ್ಲಿ ಹೊರಗೆ ಕಾಣುವುದು ತೋಳು ಮಾತ್ರ, ಹುಡುಕುವುದಕ್ಕೆ ಅನುಕೂಲವಾಗಲೆಂದು ಅಲ್ಲಿ ನಾಲ್ಕು ಸಡಿಲ ಹೊಲಿಗೆ ಹಾಕಿರುತ್ತಾರೆ. ಮನೆಗೆ ತಂದ ಮೇಲೆ ಬಿಚ್ಚಿ ತೆಗೆಯಬೇಕು. ಹಿಂಭಾಗದ ಸೀಳಿನ ತುದಿಯಲ್ಲಿ ಅಡ್ಡಡ್ಡ ದಾರದ ಒಂದು ಕತ್ತರಿ ಗುರುತು ಇರುತ್ತದಲ್ಲ, ಅದೂ ಅಷ್ಟೇ. ಸಾಗಣೆಯಲ್ಲಿ ಸೀಳು ಮುದುಡದಿರಲಿ ಎಂದು ಹಾಕಿದ್ದು. ಅದನ್ನು ಬಿಡಿಸದೆ ಕುಳಿತರೆ ಕೋಟು ಹಿಂದೆ ಚೀಲದಂತೆ ಉಬ್ಬುತ್ತದೆ.

ಇದನ್ನು ನನ್ನ ಅಕ್ಕನ ಮಗನಿಗೆ ಹೇಳಿದರೆ ಅವನು ಬೆಚ್ಚಿಬಿದ್ದ. "ಮಾಮಾ, ಅಷ್ಟು ದುಡ್ಡು ಕೊಟ್ಟಿದ್ದೀನಿ. ಕಂಪನಿ ಹೆಸರು ಕಿತ್ತುಹಾಕಿದ್ರೆ ಯಾರಿಗೆ ಗೊತ್ತಾಗುತ್ತೆ?"

ನನ್ನ ಜಗಳ ಇರುವುದು ಇಲ್ಲೇ. ಹೆಸರಿನ ಪಂಥ ಎಂದು ನಾನು ಕರೆಯುವ ಒಂದು ಗುಂಪಿದೆ. ಎದೆಯ ಮೇಲಿನ ಪ್ರಾಣಿಯ ಗುರುತು, ಬೆಲ್ಟಿನ ಬಕಲ್ ಮೇಲಿನ ಅಕ್ಷರ, ಇವೇ ಅಂತಸ್ತು ಎಂದು ಅವರ ವಾದ. ಅವರಿಗೂ ಒಂದು ಆಧಾರ ಇದೆ ಎಂದು ಒಪ್ಪಿಕೊಳ್ಳುತ್ತೇನೆ. ನೆದರ್ಲೆಂಡ್ಸಿನ ಟಿಲ್ಬರ್ಗ್ ವಿಶ್ವವಿದ್ಯಾಲಯದ ನೆಲಿಸೆನ್ ಮತ್ತು ಮೈಯರ್ಸ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದುಬಾರಿ ಕಂಪನಿಯ ಗುರುತಿದ್ದ ಅಂಗಿ ತೊಟ್ಟವನನ್ನು ಜನ ಹೆಚ್ಚು ಸ್ಥಿತಿವಂತನೆಂದು ಭಾವಿಸಿದರು. ಆದರೆ ಅಲ್ಲಿ ಫೋಟೊದ ಮನುಷ್ಯ ಅವನೇ, ಅಂಗಿಯೂ ಅದೇ, ಬದಲಾದದ್ದು ಎದೆಯ ಗುರುತು ಮಾತ್ರ. ಉಳಿದದ್ದೆಲ್ಲ ಸಮನಾಗಿದ್ದಾಗ ಹೆಸರು ಕೆಲಸ ಮಾಡುತ್ತದೆ ಎನ್ನುವುದಷ್ಟೇ ಅದರಿಂದ ತಿಳಿಯುವುದು. ಕಲ್ಯಾಣಮಂಟಪದಲ್ಲಿ ಉಳಿದದ್ದೆಲ್ಲ ಯಾವತ್ತು ಸಮನಾಗಿತ್ತು?

ಕಟ್ಟಿಂಗ್ ಅನ್ನೇ ಬದಲಿಸಿ ನೋಡಿದವರೂ ಇದ್ದಾರೆ. ಇಂಗ್ಲೆಂಡಿನ ಕರೆನ್ ಪೈನ್ ಮತ್ತು ಜೊತೆಗಾರರ 2013ರ ಅಧ್ಯಯನದಲ್ಲಿ 274 ಜನರಿಗೆ ಒಬ್ಬನೇ ರೂಪದರ್ಶಿಯ ಚಿತ್ರಗಳನ್ನು ತೋರಿಸಿದರು. ಮುಖ ಮಸುಕು ಮಾಡಿದ್ದರು, ನೋಡಲು ಕೊಟ್ಟದ್ದು ಹೆಚ್ಚೆಂದರೆ 5 ಸೆಕೆಂಡು. ಒಂದು ಕಡೆ ಸಿದ್ಧ ಉಡುಪಿನ ಸೂಟು, ಇನ್ನೊಂದು ಕಡೆ ಅಳತೆ ಕೊಟ್ಟು ಹೊಲಿಸಿದ್ದು, ನೋಟಕ್ಕೆ ವ್ಯತ್ಯಾಸ ಅತ್ಯಲ್ಪ. ಹೊಲಿಸಿದ ಸೂಟಿನಲ್ಲಿದ್ದಾಗ ಅವನು ಹೆಚ್ಚು ಆತ್ಮವಿಶ್ವಾಸದವನು, ಯಶಸ್ವಿ, ಹೆಚ್ಚು ಸಂಬಳದವನು ಎಂದು ಜನ ಅಂಕ ಕೊಟ್ಟರು. ಪ್ರಾಮಾಣಿಕತೆಯ ಅಂಕ ಮಾತ್ರ ಏರಲಿಲ್ಲ. ಜನ ಬುದ್ಧಿವಂತರು ಎಂದು ನನಗೆ ಖುಷಿಯಾದದ್ದು ಅಲ್ಲಿ.

ಈ ವಿಷಯ ಬಂದಾಗಲೆಲ್ಲ ನಾನು ಥಾರ್ಸ್ಟೈನ್ ವೆಬ್ಲೆನ್ ಕಡೆ ಓಡುತ್ತೇನೆ, ಕಾಯಂ ಓದುಗರು ಕ್ಷಮಿಸಬೇಕು. 1899ರ 'ದಿ ಥಿಯರಿ ಆಫ್ ದ ಲೀಜರ್ ಕ್ಲಾಸ್' ಪುಸ್ತಕದಲ್ಲಿ ಉಡುಪಿಗೇ ಮೀಸಲಾದ ಒಂದು ಅಧ್ಯಾಯವಿದೆ. ಮನೆಯೊಳಗಿನ ಸಿರಿಯನ್ನು ಮನೆಗೆ ಬಂದವರು ಮಾತ್ರ ನೋಡುತ್ತಾರೆ, ಬಟ್ಟೆಯಾದರೋ ಸದಾ ಎಲ್ಲರ ಕಣ್ಣಿಗೂ ಬೀಳುತ್ತದೆ, ಹಾಗಾಗಿ ಮನುಷ್ಯ ಹೊಟ್ಟೆಗೆ ಕಡಿಮೆ ಮಾಡಿಯಾದರೂ ಬಟ್ಟೆಗೆ ಸುರಿಯುತ್ತಾನೆ ಎನ್ನುವುದು ಅವನ ಮೊದಲ ಮಾತು. ಮುಂದಿನದು ಇನ್ನೂ ಹರಿತ. ಬಟ್ಟೆ ದುಬಾರಿಯಾಗಿದ್ದರೆ ಸಾಲದು, ತೊಟ್ಟವನು ಮೈಮುರಿದು ದುಡಿಯುವವನಲ್ಲ ಎಂದೂ ಅದು ಸಾರಬೇಕು. ಮಿರುಗುವ ಬೂಟು, ಕಲೆಯಿಲ್ಲದ ಬಿಳಿ ಅಂಗಿ, ಉದ್ದನೆಯ ಟೋಪಿ, ಕೈಯಲ್ಲಿ ಕೋಲು, ಎಲ್ಲವನ್ನೂ ಅವನು ಈ ತಕ್ಕಡಿಯಲ್ಲೇ ತೂಗುತ್ತಾನೆ. ನನಗೆ ಕಾಣುವುದೇನೆಂದರೆ, ಅವನು ಪಟ್ಟಿ ಮಾಡಿದ್ದರಲ್ಲಿ ಕಂಪನಿಯ ಹೆಸರು ಇಲ್ಲವೇ ಇಲ್ಲ. ಇಂದಿಗೂ ಸಿರಿವಂತರ ಲೋಕದಲ್ಲಿ ಹೆಸರು ಹಿಂದಕ್ಕೇ ಸರಿಯುತ್ತದೆ. ದುಬಾರಿ ಕೈಚೀಲಗಳ ಬಗ್ಗೆ ಹ್ಯಾನ್, ನ್ಯೂನ್ಸ್ ಮತ್ತು ಡ್ರೇಜ್ 2010ರಲ್ಲಿ ಬರೆದ ಲೇಖನದ ಪ್ರಕಾರ, ಒಂದೇ ಕಂಪನಿಯಲ್ಲಿ ಬೆಲೆ ಏರಿದಷ್ಟೂ ಗುರುತು ಚಿಕ್ಕದಾಗುತ್ತದೆ.

ಅಕ್ಕನ ಮಗನ ಕೋಟಿಗೆ ಮರಳುತ್ತೇನೆ. ಅವನು ತೋಳು ಸಣ್ಣ, ಹೊಟ್ಟೆ ಸ್ವಲ್ಪ ಮುಂದಿರುವ ಹುಡುಗ. 40ರ ಸೈಜಿನಲ್ಲಿ ಗುಂಡಿ ಹಾಕಿದರೆ ಹೊಟ್ಟೆಯ ಮೇಲೆ ಬಟ್ಟೆ ಕತ್ತರಿ ಆಕಾರಕ್ಕೆ ಎಳೆಯುತ್ತದೆಂದು ಅಂಗಡಿಯಲ್ಲಿ 42 ಕೊಟ್ಟಿದ್ದರು. ಹೊಟ್ಟೆಗೆ ಸರಿಹೋಯಿತು, ಭುಜ ಎರಡೂ ಕಡೆ ಇಳಿಯಿತು. ಕನ್ನಡಿಯ ಮುಂದೆ ನೇರ ನಿಂತಾಗ ಇದು ಗೊತ್ತಾಗುವುದಿಲ್ಲ. ಗೋಡೆಗೆ ಪಕ್ಕವಾಗಿ ನಿಂತು ಮೆಲ್ಲನೆ ವಾಲಿದರೆ ಮೊದಲು ನಿಮ್ಮ ತೋಳು ತಾಗಬೇಕು. ಕೋಟಿನ ಪ್ಯಾಡ್ ಮೊದಲು ತಾಗಿದರೆ ಭುಜ ದೊಡ್ಡದು. ಇವನದು ಪ್ಯಾಡೇ ತಾಗಿತು.

ಭುಜವನ್ನು ಯಾವ ಮಾಸ್ಟರೂ ಸಲೀಸಾಗಿ ಚಿಕ್ಕದು ಮಾಡಲಾರ. ತೋಳು ಬಿಚ್ಚಬೇಕು, ಪ್ಯಾಡ್ ತೆಗೆಯಬೇಕು, ಕಾಲರಿನವರೆಗೂ ಕೈ ಹಾಕಬೇಕು, ಅಷ್ಟಾದರೂ ಮೊದಲಿನ ಇಳಿಜಾರು ಬರುವ ಖಾತ್ರಿಯಿಲ್ಲ. ಸೊಂಟ ಹಾಗಲ್ಲ, ಪಕ್ಕದ ಹೊಲಿಗೆಯಲ್ಲಿ ಒಳಗೆ ಬಟ್ಟೆ ಬಿಟ್ಟಿದ್ದರೆ ಒಟ್ಟು ಒಂದು ಇಂಚಿನಷ್ಟು ಬಿಡಿಸಬಹುದು. ಆದ್ದರಿಂದ ಭುಜಕ್ಕೆ ಕೊಳ್ಳಬೇಕು, ಹೊಟ್ಟೆಗೆ ಆಲ್ಟರ್ ಮಾಡಿಸಬೇಕು. ಅವನ ಬ್ಲೇಜರ್ ಹಿಂದಕ್ಕೆ ಹೋಯಿತು. ಅದರ ಮೂರನೇ ಒಂದು ಭಾಗ ಬೆಲೆಗೆ, ಯಾರೂ ಕೇಳಿರದ ಹೆಸರಿನ 40ರ ಕೋಟು ಬಂತು, ಕಡುನೀಲಿ. ಮಾಸ್ಟರ್ ಮೊದಲು ಒಳಗಿನ ಲೈನಿಂಗ್ ತುಸು ಬಿಚ್ಚಿ ಬಟ್ಟೆ ಇದೆಯೇ ಎಂದು ನೋಡಿದರು, ಇತ್ತು. ಪಕ್ಕ ಬಿಡಿಸಿ, ತೋಳನ್ನು ಮುಕ್ಕಾಲು ಇಂಚು ಏರಿಸಿದರು. ತೋಳಿನ ಗುಂಡಿಗಳು ಬರೀ ಅಲಂಕಾರಕ್ಕಿದ್ದವು, ಕಾಜ ಕತ್ತರಿಸಿರಲಿಲ್ಲ, ಹಾಗಾಗಿ ಕೆಳಗಿನಿಂದಲೇ ಏರಿಸಲು ಸಾಧ್ಯವಾಯಿತು. ನಿಜವಾದ ಕಾಜವಿದ್ದರೆ ಭುಜದ ಕಡೆಯಿಂದ ಬಿಚ್ಚಬೇಕಿತ್ತು, ಖರ್ಚು ಹಲವು ಪಟ್ಟು ಆಗುತ್ತಿತ್ತು. ಈಗ ಅಂಗಿಯ ಕಫ್ ಅರ್ಧ ಇಂಚು ಹೊರಗೆ ಕಾಣುತ್ತದೆ. ಆರತಕ್ಷತೆಯಲ್ಲಿ ಅವನನ್ನು ಹಿರಿಯರೊಬ್ಬರು ಕೇಳಿದ್ದು, "ಎಲ್ಲಿ ಹೊಲಿಸಿದ್ಯಪ್ಪ?" ಎಂದು. ಯಾವ ಕಂಪನಿ ಎಂದು ಯಾರೂ ಕೇಳಲಿಲ್ಲ.

ಒಂದು ಕೊರತೆ ಮಾತ್ರ ಉಳಿಯಿತು. ಕೈ ಎತ್ತಿ ನಮಸ್ಕಾರ ಮಾಡಿದರೆ ಕೋಟು ಪೂರ್ತಿ ಮೇಲೆದ್ದು ಕಾಲರ್ ಕತ್ತಿನಿಂದ ಬಿಟ್ಟುಕೊಳ್ಳುತ್ತದೆ. ಇದು ಕಂಕುಳಿನ ಕಟ್ಟಿಂಗ್ ದೋಷ. ಸಾವಿರಾರು ಮೈಗಳಿಗೆ ಒಂದೇ ಕೋಟು ಹೊಂದಬೇಕೆಂದು ಕಾರ್ಖಾನೆಗಳು ಕಂಕುಳನ್ನು ಆಳವಾಗಿ, ಅಗಲವಾಗಿ ಕೊರೆಯುತ್ತವೆ. ಸಡಿಲವಾಗಿದ್ದರೆ ಕೈ ಆಡಲು ಸುಲಭ ಎಂದು ತೋರುತ್ತದೆ, ಆಗುವುದು ತದ್ವಿರುದ್ಧ. ಕಂಕುಳು ಮೈಗೆ ಹತ್ತಿರ, ಎತ್ತರದಲ್ಲಿದ್ದರೆ ತೋಳು ಮಾತ್ರ ಏಳುತ್ತದೆ. ಕೆಳಗಿದ್ದರೆ ತೋಳು ಇಡೀ ಕೋಟನ್ನು ಹೊತ್ತುಕೊಂಡು ಏಳುತ್ತದೆ. ಕೊರೆದು ತೆಗೆದ ಬಟ್ಟೆಯನ್ನು ಮತ್ತೆ ಸೇರಿಸಲಾಗದು, ಆದ್ದರಿಂದ ಇದಕ್ಕೆ ಆಲ್ಟರ್ ಇಲ್ಲ. ಹೆಸರಾಂತ ಕಂಪನಿಗಳ ಸಿದ್ಧ ಕೋಟುಗಳಲ್ಲೂ ಇದೇ ದೋಷ ಬೇಕಾದಷ್ಟಿದೆ.

ಈ ಕಂಕುಳಿನ ಶಾಸ್ತ್ರ ಗಂಡಸರಿಗೆ ಹೊಸದು. ನಮ್ಮ ಮನೆಯ ಹೆಂಗಸರಿಗೆ ಹೈಸ್ಕೂಲಿನಿಂದಲೇ ಗೊತ್ತು. ಬ್ಲೌಸ್ ಟ್ರಯಲ್ ನೋಡುವಾಗ ಅವರು ಮೊದಲು ಮಾಡುವುದೇ ಕೈ ಎತ್ತುವುದು. ಕೆಳಗಿನ ಪಟ್ಟಿ ಮೇಲೆ ಸರಿದರೆ, ಕಂಕುಳಿನ ಮುಂದೆ ಓರೆ ನೆರಿಗೆ ಬಿದ್ದರೆ, ಟೈಲರ್ ಮುಂದೆ ಅಲ್ಲೇ ಬಿಚ್ಚಿಟ್ಟು ಬರುತ್ತಾರೆ. ಒಳ್ಳೆಯ ಟೈಲರ್ ಕಂಕುಳಿನ ಮುಂಭಾಗವನ್ನು ಹಿಂಭಾಗಕ್ಕಿಂತ ಹೆಚ್ಚು ಒಳಗೆ ಕೊರೆಯುತ್ತಾರೆ, ಏಕೆಂದರೆ ತೋಳು ಆಡುವುದು ಮುಂದಕ್ಕೆ. ಎರಡೂ ಬದಿಯಲ್ಲಿ ಒಳಗೆ ಬಟ್ಟೆ ಬಿಡುತ್ತಾರೆ, ಮೈ ಬಂದಾಗ ಬಿಡಿಸಿಕೊಳ್ಳಲು. ಸಾಧಾರಣ ಇಳಕಲ್ ಸೀರೆಗೆ ಗುಳೇದಗುಡ್ಡದ ಖಣದ ಕುಪ್ಪಸ ಮೈಗೆ ಸರಿಯಾಗಿ ಕೂತಿದ್ದರೆ, ಪಕ್ಕದಲ್ಲಿ ಭುಜ ಜಾರುವ ಬ್ಲೌಸಿನ ಮೇಲೆ ಲಕ್ಷದ ರೇಷ್ಮೆ ಉಟ್ಟವರು ಮಂಕಾಗುತ್ತಾರೆ. ಸೀರೆ ಎಷ್ಟರದ್ದೆಂದು ದೂರದಿಂದ ತಿಳಿಯುವುದಿಲ್ಲ, ಬ್ಲೌಸ್ ಹೇಗೆ ಕೂತಿದೆ ಎನ್ನುವುದು ಬಾಗಿಲಲ್ಲೇ ತಿಳಿಯುತ್ತದೆ.

ಖಣದ ಮಾತು ಬಂದದ್ದರಿಂದ ಬಣ್ಣಕ್ಕೂ ಬಂದಂತಾಯಿತು. ಕೊಟ್ಟ ಮಾತು ಉಳಿಸಿಕೊಳ್ಳಲು ಒಂದೇ ಬಣ್ಣದ ಬಗ್ಗೆ ಹೇಳುತ್ತೇನೆ, ಕಪ್ಪು. ಮೊದಲ ಕೋಟು ಕಪ್ಪೇ ಇರಲಿ, ಎಲ್ಲಕ್ಕೂ ಆಗುತ್ತದೆ ಎನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅಗ್ಗದ ಬಟ್ಟೆಯ ಗುಟ್ಟನ್ನು ಕಪ್ಪಿನಷ್ಟು ಬೇಗ ಇನ್ಯಾವ ಬಣ್ಣವೂ ಬಿಟ್ಟುಕೊಡುವುದಿಲ್ಲ. ಪಾಲಿಯೆಸ್ಟರ್ ಮಿಶ್ರಣವಾದರೆ ಇಸ್ತ್ರಿಯ ಬಿಸಿಗೆ ಮೊಣಕೈ, ಜೇಬಿನ ಅಂಚು ಹೊಳೆಯತೊಡಗುತ್ತವೆ. ದೂಳು, ನೂಲು, ತಲೆಹೊಟ್ಟು ಎಲ್ಲ ಎದ್ದು ಕಾಣುತ್ತವೆ. ಬೇರೆ ಬೇರೆ ಕಡೆ ಕೊಂಡ ಕಪ್ಪು ಪ್ಯಾಂಟು, ಕಪ್ಪು ಕೋಟು ಅಂಗಡಿಯ ದೀಪದಲ್ಲಿ ಒಂದೇ ಅನ್ನಿಸಿ, ಹಗಲು ಬೆಳಕಿಗೆ ಬಂದಾಗ ಒಂದು ಕೆಂಪಿಗೆ, ಇನ್ನೊಂದು ಹಸಿರಿಗೆ ತಿರುಗುತ್ತವೆ. ಸೂಟು ಕೊಳ್ಳಲಾಗದೆ ಜೋಡಿಸಿಕೊಂಡಿದ್ದಾನೆ ಎಂದು ನೋಡಿದವರಿಗೆ ಆ ಕ್ಷಣಕ್ಕೆ ಗೊತ್ತಾಗುತ್ತದೆ. ಕಡುನೀಲಿ ಕೋಟಿಗೆ ಬೂದು ಪ್ಯಾಂಟು ಹಾಕಿದರೆ ಹೊಂದಿಸುವ ಗೋಜೇ ಇಲ್ಲ, ಬೇರೆಯಾಗಿರಲೆಂದೇ ಹಾಕಿದ್ದು. ನಮ್ಮ ಗೋಧಿ, ಎಣ್ಣೆಗಪ್ಪು ಮೈಬಣ್ಣಗಳಿಗೆ ನೀಲಿ ಛಾಯೆಯ ಕಣ್ಣುಕುಕ್ಕುವ ಬಿಳಿ ಅಂಗಿಗಿಂತ ಕೆನೆಬಿಳಿ ಹಿತ ಎಂದು ನನ್ನ ಎಣಿಕೆ. ಕೊಳ್ಳುವ ಮೊದಲು ಬಟ್ಟೆಯನ್ನು ಅಂಗಡಿಯ ಬಾಗಿಲಿಗೆ ತಂದು, ಗಲ್ಲದ ಕೆಳಗೆ ಹಿಡಿದು ನೋಡಿ. ಕಣ್ಣಿನ ಕೆಳಗಿನ ಕಪ್ಪು ಹೆಚ್ಚಿದಂತೆ ಕಂಡರೆ ಆ ಬಣ್ಣ ನಿಮ್ಮದಲ್ಲ.

ಕೊನೆಗೊಂದು ಸಲಹೆ, ಇದೂ ಹೆಂಗಸರಿಂದ ಕದ್ದದ್ದು. ಅವರು ಟೈಲರ್ ಹತ್ತಿರ ಹೋಗುವಾಗ ಅಳತೆ ಬ್ಲೌಸ್ ಒಯ್ಯುತ್ತಾರೆ. ಗಂಡಸರು ಹಾಗೇ ಒಂದು ಅಳತೆ ಅಂಗಿ ಇಟ್ಟುಕೊಳ್ಳಬೇಕು, ತೊಟ್ಟಾಗ ಭುಜದ ಹೊಲಿಗೆ ಮೂಳೆಯ ತುದಿಗೇ ಬರುವಂಥದ್ದು. ಸಿದ್ಧ ಅಂಗಿ ಕೊಳ್ಳುವಾಗಲೂ ಅದನ್ನು ಅಂಗಡಿಯ ಮೇಜಿನ ಮೇಲೆ ಹಾಸಿ, ಹೊಸದನ್ನು ಅದರ ಮೇಲಿಟ್ಟು, ಭುಜ ಮತ್ತು ಕಂಕುಳು ತಾಳೆ ನೋಡಿ. ಸೇಲ್ಸ್ ಹುಡುಗರು ನಗುತ್ತಾರೆ, ನಗಲಿ. ತಾಳೆಯಾದರೆ ಉದ್ದ, ಸೊಂಟ, ತೋಳುಗಳನ್ನು ಮಾಸ್ಟರ್ ನೋಡಿಕೊಳ್ಳುತ್ತಾರೆ. ಆದರೆ ಮದುವೆಗೆ ಹದಿನೈದು ದಿನ ಮೊದಲೇ ಕೊಡಿ. ಹಂಗಾಮಿನಲ್ಲಿ "ನಾಳೆ ಬನ್ನಿ" ಎನ್ನುವ ಅವರ ಮಾತನ್ನು ನಂಬುವಂತಿಲ್ಲ.