ರೊಟ್ಟಿ ಸಣ್ಣದಾಗಬಾರದು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂರುಗಳ ಯಾವ ಖಾನಾವಳಿಗೆ ಹೋದರೂ ರೊಟ್ಟಿಯಷ್ಟೇ ಆಸಕ್ತಿಯಿಂದ ನಾನು ನೋಡುವುದು ಗೋಡೆಯ ಮೇಲಿನ ದರದ ಹಲಗೆಯನ್ನು. ದರ ಏರಿಸುವುದು ತಪ್ಪಲ್ಲ. ಏರಿಸಿದ್ದನ್ನು ಹೇಗೆ ಹೇಳುತ್ತಾರೆ ಎಂಬುದರಲ್ಲೇ ಆ ಮಾಲೀಕರು ಗಿರಾಕಿಯನ್ನು ಎಷ್ಟು ಬಲ್ಲರು ಅನ್ನುವುದು ತಿಳಿಯುತ್ತದೆ.

ಕಾರಣ ಕೊಡುವಲ್ಲಿಯೇ ಹೆಚ್ಚಿನವರು ಎಡವುತ್ತಾರೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ, ಮೊಸರು ಕಿಲೋಗೆ 4 ರೂಪಾಯಿ ಏರಿತು. 80 ರೂಪಾಯಿಯ ಊಟವನ್ನು 90 ಮಾಡಿ, ‘ಹಾಲು ತುಟ್ಟಿಯಾದ ಕಾರಣ’ ಎಂದು ಬರೆದರೆ ಹೇಗೆ? ಊಟದ ಬಟ್ಟಲಲ್ಲಿ ಬರುವುದು ಹೆಚ್ಚೆಂದರೆ ನೂರು ಗ್ರಾಂ ಮೊಸರು, ಅಂದರೆ ಹೆಚ್ಚಿದ ಖರ್ಚು 40 ಪೈಸೆ. ದಿನಾ ಊಟಕ್ಕೆ ಬರುವ ಮೇಷ್ಟ್ರು, ಬಸ್ ಕಂಡಕ್ಟರು, ಅಡತಿ ಅಂಗಡಿಯ ಗುಮಾಸ್ತ ಇವರೆಲ್ಲ ಲೆಕ್ಕದ ಮಂದಿ. ಉಳಿದ 9 ರೂಪಾಯಿ 60 ಪೈಸೆ ಎಲ್ಲಿ ಹೋಯಿತೆಂದು ಅವರು ಬಾಯಿಬಿಟ್ಟು ಕೇಳುವುದಿಲ್ಲ, ಮರುವಾರ ಬೇರೆ ಖಾನಾವಳಿಯಲ್ಲಿ ಕೂತಿರುತ್ತಾರೆ.

ಊಟದ ಖರ್ಚು ನಿಜವಾಗಿ ಕೂತಿರುವುದು ಬಿಳಿಜೋಳದಲ್ಲಿ, ಎಣ್ಣೆಯಲ್ಲಿ, 19 ಕಿಲೋ ಸಿಲಿಂಡರಿನಲ್ಲಿ, ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಕೂಲಿಯಲ್ಲಿ. ಸಿಲಿಂಡರಿನ ದರ ತಿಂಗಳು ತಿಂಗಳು ಬದಲಾಗುವುದರಿಂದ ಅದೊಂದನ್ನೇ ಕಾರಣ ಮಾಡಿದರೆ, ಇಳಿದಾಗ ‘ಊಟದ ರೇಟೂ ಇಳಿಸ್ರಿ’ ಅನ್ನುವ ಮಾತು ಬರುತ್ತದೆ. ಕೂಲಿ ಹಾಗಲ್ಲ, ಏರಿದ್ದು ಇಳಿಯುವುದಿಲ್ಲ. ಒಲೆಯ ಮುಂದೆ ಕೂತವರ ಬೆವರನ್ನು ಗಿರಾಕಿ ಕಣ್ಣಾರೆ ಕಾಣುತ್ತಾನೆ. ಕೂಲಿ ನಿಜವಾಗಿ ಏರಿಸಿದ್ದರೆ ಅದನ್ನೇ ಮೊದಲು ಬರೆಯಬೇಕು.

ನಾನಾದರೆ ಹಲಗೆಯನ್ನು ಹೀಗೆ ಬರೆಯುತ್ತೇನೆ: ‘ಎರಡು ವರ್ಷದಿಂದ ಊಟಕ್ಕೆ 80 ರೂಪಾಯಿ ಇತ್ತು. ರೊಟ್ಟಿ ಮಾಡುವವರ ಕೂಲಿ, ಜೋಳ, ಎಣ್ಣೆ ಹೆಚ್ಚಾಗಿವೆ. ಬರುವ ಒಂದನೇ ತಾರೀಖಿನಿಂದ 90 ರೂಪಾಯಿ. ರೊಟ್ಟಿಯ ಅಳತೆ, ಪಲ್ಯ, ಶೇಂಗಾ ಚಟ್ನಿ ಮೊದಲಿನಂತೆಯೇ.’ ಹಳೆಯ ದರ ಕಾಣುವಂತಿರಬೇಕು. ಅದರ ಮೇಲೆ ಚೀಟಿ ಅಂಟಿಸಿದರೆ ಏನನ್ನೋ ಮುಚ್ಚಿಟ್ಟಂತೆ ಕಾಣುತ್ತದೆ. ಹಲಗೆ ಗಲ್ಲೆಯ ಹಿಂದೆ ಬೇಡ, ಕೈ ತೊಳೆಯುವ ಜಾಗದಲ್ಲಿರಲಿ. ಉಂಡ ಮೇಲೆ ದುಡ್ಡು ಕೊಡುವಾಗ ತಿಳಿದರೆ ಸಿಟ್ಟು ಬರುತ್ತದೆ, ಉಣ್ಣುವ ಮೊದಲೇ ಓದಿದರೆ ಬರುವುದಿಲ್ಲ.

ಹಲಗೆಯ ಕೊನೆಯ ಸಾಲಿನ ಮಾತನ್ನು ಮಾತ್ರ ಉಳಿಸಿಕೊಳ್ಳಲೇಬೇಕು. 2024ರ ಜೂನಿನಲ್ಲಿ ನಂದಿನಿ ಪ್ಯಾಕೆಟ್ಟಿಗೆ 50 ಮಿಲಿ ಸೇರಿಸಿ 2 ರೂಪಾಯಿ ಹೆಚ್ಚಿಸಿದರು, ಮುಂದಿನ ಏಪ್ರಿಲ್‌ನಲ್ಲಿ ದರ ಏರಿಸುವಾಗ ಆ 50 ಮಿಲಿಯನ್ನು ತೆಗೆದರು. ಅಳತೆ ಬದಲಾದರೆ ಗಿರಾಕಿಗೆ ಲೆಕ್ಕವೇ ಸಿಗುವುದಿಲ್ಲ. ರೊಟ್ಟಿ ಒಂದು ಬೆರಳು ಸಣ್ಣದಾದರೂ ನಮ್ಮ ಕಡೆಯವರ ಕೈಗೆ ಅದು ಗೊತ್ತಾಗುತ್ತದೆ.

ತಿಂಗಳ ಪಾಸಿನವರಿಗೆ ಹಲಗೆಗಿಂತ ಮೊದಲು ಮಾಲೀಕರ ಬಾಯಿಂದಲೇ ಸುದ್ದಿ ಹೋಗಬೇಕು: ‘ಸರ, ಬರೋ ತಿಂಗಳಿಂದ ತೊಂಬತ್ ಮಾಡಾಕತ್ತೀವ್ರಿ. ನಿಮ್ಮ ಪಾಸ್ ಮುಗಿಯೋತನಕಾ ಹಳೇ ರೇಟ್ ಐತ್ರಿ.’ ಮೂವತ್ತು ಊಟದ ಪಾಸಿನಲ್ಲಿ ಹನ್ನೆರಡು ಊಟ ಉಳಿದಿದ್ದರೆ ಮಾಲೀಕರಿಗೆ ಬೀಳುವ ಹೊರೆ 120 ರೂಪಾಯಿ. ಅಷ್ಟಕ್ಕೆ ಆಸೆಪಟ್ಟು ಹೆಚ್ಚುವರಿ ದುಡ್ಡು ಕೇಳಿದರೆ ಮುಂದಿನ ತಿಂಗಳ 2,700 ರೂಪಾಯಿಯ ಪಾಸೇ ಕೈತಪ್ಪುತ್ತದೆ.