ಕ್ರಿಯಾಪದದ ಕೊನೆಯ ಸ್ಥಾನ

ಜರ್ಮನ್ ಭಾಷೆಯನ್ನು ಹೊಸದಾಗಿ ಕಲಿಯಲು ತೊಡಗಿದವನು, ಪುರುಷ ವಚನಗಳ ಪ್ರತ್ಯಯವನ್ನು ಧರಿಸಿದ ಕ್ರಿಯಾಪದವು ವಾಕ್ಯದ ಎರಡನೆಯ ಸ್ಥಾನದಲ್ಲಿಯೇ ನಿಲ್ಲತಕ್ಕದ್ದೆಂಬ ನಿಯಮವನ್ನು ಬಹು ಪ್ರಯಾಸದಿಂದ ರೂಢಿಮಾಡಿಕೊಂಡು, ಎ2 ಎಂದು ಕರೆಯಲಾಗುವ ಮಟ್ಟವನ್ನು ಪ್ರವೇಶಿಸುತ್ತಿರುವಾಗಲೇ ವೈಲ್, ದಸ್, ವೆನ್ ಎಂಬ ಮೂರು ಅವ್ಯಯಗಳು ಅವನಿಗೆ ಎದುರಾಗುತ್ತವೆ. ವೈಲ್ ಕಾರಣವನ್ನು ಹೇಳುತ್ತದೆ; ದಸ್ ನಮ್ಮ ‘ಎಂದು’ ಎಂಬುದರ ಕಾರ್ಯವನ್ನು ಮಾಡುತ್ತದೆ; ವೆನ್ ‘ಬಂದರೆ’, ‘ಬಂದಾಗ’ ಎಂಬಲ್ಲಿನ ಅರ್ಥವನ್ನು ಕೊಡುತ್ತದೆ. ಇವುಗಳಲ್ಲಿ ಯಾವುದೊಂದು ಉಪವಾಕ್ಯದ ಮುಂದೆ ಬಂದು ನಿಂತರೂ, ಎರಡನೆಯ ಸ್ಥಾನದಲ್ಲಿದ್ದ ಕ್ರಿಯಾಪದವು ಅಲ್ಲಿಂದ ಎದ್ದು ಆ ಉಪವಾಕ್ಯದ ಕಟ್ಟಕಡೆಗೆ ಹೋಗಬೇಕು. ಅಭ್ಯಾಸಪುಸ್ತಕದಲ್ಲಿ ಎರಡು ಬಿಡಿವಾಕ್ಯಗಳನ್ನು ಕೊಟ್ಟು, ಈ ಅವ್ಯಯಗಳಿಂದ ಅವುಗಳನ್ನು ಜೋಡಿಸಿರೆಂದು ಕೇಳಿರುತ್ತಾರೆ. ಈ ವಾರ ಆ ಅಭ್ಯಾಸವೊಂದನ್ನೇ ಹಿಡಿದು ಬರೆಯಬೇಕೆಂದಿದ್ದೇನೆ. ಏಕೆಂದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಕಡೆಯ ವಿದ್ಯಾರ್ಥಿಗೆ ಇದರಲ್ಲಿ ಬೇರೆಯವರಿಗಿಲ್ಲದ ಒಂದು ಅನುಕೂಲವಿದೆಯೆಂದೂ, ಅದನ್ನು ಬಳಸಿಕೊಳ್ಳುವವರು ವಿರಳವೆಂದೂ ನನಗೆ ದೃಢವಾಗಿ ತೋರಿದೆ.

ತಪ್ಪು ಎಲ್ಲಿ ಹುಟ್ಟುತ್ತದೆಂಬುದನ್ನು ಮೊದಲು ನೋಡೋಣ. ‘ಇಷ್ ಬ್ಲೈಬೆ ತ್ಸು ಹೌಸೆ’, ಅಂದರೆ ನಾನು ಮನೆಯಲ್ಲಿ ಇರುತ್ತೇನೆ. ‘ಇಷ್ ಬಿನ್ ಕ್ರಾಂಕ್’, ಅಂದರೆ ನನಗೆ ಕಾಯಿಲೆಯಾಗಿದೆ. ಇವೆರಡನ್ನು ವೈಲ್ ಎಂಬುದರಿಂದ ಜೋಡಿಸಿರೆಂದರೆ, ಹತ್ತರಲ್ಲಿ ಎಂಟು ಮಂದಿ ‘ವೈಲ್ ಇಷ್ ಬಿನ್ ಕ್ರಾಂಕ್’ ಎಂದೇ ಬರೆದುಬಿಡುತ್ತಾರೆ. ಕ್ರಿಯಾಪದವನ್ನು ಕೊನೆಯಲ್ಲಿಡುವುದೇ ಹುಟ್ಟುಗುಣವಾಗಿರುವ ಕನ್ನಡಿಗನು ಈ ತಪ್ಪನ್ನು ಮಾಡಬೇಕಾದ ಕಾರಣವೇ ಇಲ್ಲ. ಆದರೆ ಪಾಠದ ವಿವರಣೆಯೆಲ್ಲ ಇಂಗ್ಲಿಷಿನಲ್ಲಿ ಬರುವುದರಿಂದ, ಅವನ ಮನಸ್ಸು ಕನ್ನಡದಿಂದ ಜರ್ಮನಿಗೆ ನೇರವಾಗಿ ಹೋಗದೆ, ‘ಬಿಕಾಸ್ ಐ ಆ್ಯಮ್ ಸಿಕ್’ ಎಂಬ ನಡುದಾರಿಯನ್ನು ಹಿಡಿದು, ಅಲ್ಲಿನ ಪದಕ್ರಮವನ್ನೇ ಹೊತ್ತುಕೊಂಡು ಬರುತ್ತದೆ. ಸರಿಯಾದ ವಾಕ್ಯವು ‘ಇಷ್ ಬ್ಲೈಬೆ ತ್ಸು ಹೌಸೆ, ವೈಲ್ ಇಷ್ ಕ್ರಾಂಕ್ ಬಿನ್’ ಎಂದಾಗಬೇಕು.

ಇದೇ ವಾಕ್ಯವನ್ನು ಶಹಾಬಾದಿನ ಯಾವುದಾದರೂ ಉರ್ದು ಮನೆಯಲ್ಲಿ ಹೇಗೆ ಹೇಳುತ್ತಾರೆಂಬುದನ್ನು ನೆನೆದು ನೋಡಿರಿ: ‘ಕ್ಯೋಂಕಿ ಮೈಂ ಬೀಮಾರ್ ಹೂಂ’. ಅವ್ಯಯ ಮೊದಲು, ಕರ್ತೃ ಅನಂತರ, ವಿಶೇಷಣ ಮೂರನೆಯದು, ಉತ್ತಮಪುರುಷದ ಗುರುತನ್ನು ಹೊತ್ತ ಕ್ರಿಯಾಪದ ಕೊನೆಯದು. ವೈಲ್, ಇಷ್, ಕ್ರಾಂಕ್, ಬಿನ್ ಎಂಬ ನಾಲ್ಕು ಪದಗಳೂ ಅದೇ ಕ್ರಮದಲ್ಲಿ ಒಂದರ ಮೇಲೊಂದು ಕೂತುಕೊಳ್ಳುತ್ತವೆ. ‘ಅವನು ನಾಳೆ ಬರುತ್ತಾನೆಂದು ಹೇಳುತ್ತಾನೆ’ ಎಂಬುದು ಉರ್ದುವಿನಲ್ಲಿ ‘ವೋ ಕಹತಾ ಹೈ ಕಿ ವೋ ಕಲ್ ಆಯೇಗಾ’ ಎಂದಾದರೆ, ಜರ್ಮನಿನಲ್ಲಿ ‘ಏರ್ ಝಾಗ್ಟ್, ದಸ್ ಏರ್ ಮೋರ್ಗೆನ್ ಕೊಮ್ಟ್’ ಎಂದಾಗುತ್ತದೆ. ‘ಕಿ’ ಇದ್ದ ಎಡೆಯಲ್ಲಿ ದಸ್ ಇದೆ, ‘ಆಯೇಗಾ’ ಇದ್ದ ಎಡೆಯಲ್ಲಿ ಕೊಮ್ಟ್ ಇದೆ. ‘ಅಗರ್’ ಎಂಬುದೂ ವೆನ್ ಎಂಬುದೂ ಹೀಗೆಯೇ ಉಪವಾಕ್ಯದ ಮುಂದುಗಡೆ ನಿಲ್ಲುತ್ತವೆ. 1948ರ ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ಉರ್ದುವನ್ನು ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಕಂಡ ಈ ಸೀಮೆಯಲ್ಲಿ, ಮನೆಮಾತು ಕನ್ನಡವೇ ಆಗಿರಲಿ ತೆಲುಗೇ ಆಗಿರಲಿ, ಇಂತಹ ವಾಕ್ಯಗಳು ಕಿವಿಗೆ ಬೀಳದೆ ಬೆಳೆದವರು ಇಲ್ಲವೆಂದೇ ಹೇಳಬಹುದು. ಎಚ್ಚರವೊಂದು ಬೇಕು: ನಮ್ಮ ಕಡೆಯ ದಖ್ಖನಿಯಲ್ಲಿ ‘ವೋ ಆತಾ ಬೋಲ್ಕೆ ಬೋಲ್ಯಾ’ ಎನ್ನುವುದುಂಟು; ಅದರಲ್ಲಿ ‘ಬೋಲ್ಕೆ’ ಎಂಬುದು ನಮ್ಮ ‘ಅಂತ’ ಇದ್ದ ಹಾಗೆ ಉಪವಾಕ್ಯದ ಹಿಂದುಗಡೆ ಬಂದಿರುವುದರಿಂದ ಅದು ಇಲ್ಲಿ ಪ್ರಯೋಜನಕ್ಕೆ ಬಾರದು. ‘ಕಿ’ ಹಾಕಿ ಹೇಳುವ ಶಾಲೆಯ ಉರ್ದು ಅಥವಾ ಹಿಂದಿಯೇ ನಮಗೆ ಬೇಕಾದದ್ದು.

ಹಾಗಾದರೆ ಕನ್ನಡದಿಂದ ದೊರೆಯುವ ನೆರವು ಯಾವುದು? ಉಪವಾಕ್ಯದ ಕೊನೆಯಲ್ಲಿ ಕ್ರಿಯೆಯ ಭಾಗಗಳು ಎರಡು ಇದ್ದಾಗ ಅದು ಕಾಣುತ್ತದೆ. ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುವುದು ಈ ಭಾಗದವರ ನಿತ್ಯಾನುಭವವಾದುದರಿಂದ ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ‘ಇಷ್ ಮುಸ್ ಇನ್ ವಾಡಿ ಉಮ್‌ಶ್ಟೈಗೆನ್’ ಎಂದರೆ ನಾನು ವಾಡಿಯಲ್ಲಿ ಗಾಡಿ ಬದಲಿಸಬೇಕು. ಮುಸ್ ಎಂಬುದು ‘ಬೇಕು’, ಉಮ್‌ಶ್ಟೈಗೆನ್ ಎಂಬುದು ‘ಬದಲಿಸಲು’. ಪ್ರಧಾನವಾಕ್ಯದಲ್ಲಿ ಇವೆರಡರ ನಡುವೆ ವಾಡಿ ಬಂದು ಕುಳಿತಿದೆ. ಇದರ ಮುಂದೆ ‘ಅವನು ಹೇಳುತ್ತಾನೆ’ ಎಂಬುದನ್ನು ಸೇರಿಸಿ, ದಸ್ ಹಾಕಿ ಬರೆಯಬೇಕಾದಾಗ, ಕೊನೆಯಲ್ಲಿ ಮುಸ್ ಮೊದಲೋ ಉಮ್‌ಶ್ಟೈಗೆನ್ ಮೊದಲೋ ಎಂದು ವಿದ್ಯಾರ್ಥಿಯು ತಡವರಿಸುತ್ತಾನೆ. ಕನ್ನಡದ ‘ಬದಲಿಸಬೇಕು’ ಎಂಬ ಪದವನ್ನು ನಿಧಾನವಾಗಿ ಉಚ್ಚರಿಸಿದರೆ ಉತ್ತರ ತಾನಾಗಿ ಬರುತ್ತದೆ: ‘ಬದಲಿಸ’ ಮೊದಲು, ‘ಬೇಕು’ ಅನಂತರ. ಆದುದರಿಂದ ‘ಏರ್ ಝಾಗ್ಟ್, ದಸ್ ಇಷ್ ಇನ್ ವಾಡಿ ಉಮ್‌ಶ್ಟೈಗೆನ್ ಮುಸ್’. ಭೂತಕಾಲದಲ್ಲಿಯೂ ಹೀಗೆಯೇ. ‘ದೇರ್ ತ್ಸೂಗ್ ಇಸ್ಟ್ ಶೋನ್ ಆಬ್‌ಗೆಫಾರೆನ್’, ಗಾಡಿ ಆಗಲೇ ಹೊರಟುಹೋಗಿದೆ. ಕನ್ನಡದಲ್ಲಿ ‘ಹೊರಟುಹೋಗಿ’ ಮೊದಲು ಬಂದು ‘ಇದೆ’ ಅದರ ಬೆನ್ನಿಗೆ ನಿಂತಿರುವಂತೆಯೇ, ಉಪವಾಕ್ಯದಲ್ಲಿ ಆಬ್‌ಗೆಫಾರೆನ್ ಮೊದಲು ಬಂದು ಇಸ್ಟ್ ಕೊನೆಯಾಗುತ್ತದೆ: ‘ವೈಲ್ ದೇರ್ ತ್ಸೂಗ್ ಶೋನ್ ಆಬ್‌ಗೆಫಾರೆನ್ ಇಸ್ಟ್’. ಇಂಗ್ಲಿಷಿನ ಮೂಲಕ ಬಂದವನು ಈ ಜೋಡಿಗಳನ್ನು ತಲೆಕೆಳಗಾಗಿ ಕಂಠಪಾಠ ಮಾಡಬೇಕಾಗಿರುವಲ್ಲಿ, ಕನ್ನಡಿಗನು ತಾನು ದಿನವೂ ಆಡುವ ಮಾತನ್ನು ಬಿಡಿಸಿ ನೋಡಿದರೆ ಸಾಕು. ಮೂರು ಕ್ರಿಯಾಭಾಗಗಳು ಕೂಡಿ ಬಂದಾಗ ಮಾತ್ರ ಈ ದಾರಿ ಕೈಕೊಡುತ್ತದೆ. ‘ಗಾಡಿ ಬದಲಿಸಬೇಕಾಗಿ ಬಂದುದರಿಂದ’ ಎಂಬುದಕ್ಕೆ ಜರ್ಮನಿನಲ್ಲಿ ‘ವೈಲ್ ಇಷ್ ಇನ್ ವಾಡಿ ಹಾಬೆ ಉಮ್‌ಶ್ಟೈಗೆನ್ ಮ್ಯುಸೆನ್’ ಎನ್ನಬೇಕಾಗಿದ್ದು, ಪ್ರತ್ಯಯವುಳ್ಳ ಹಾಬೆ ಅಲ್ಲಿ ಕೊನೆಗೆ ಹೋಗದೆ ಮುಂದೆಯೇ ನಿಲ್ಲುತ್ತದೆ. ಆದರೆ ಅದು ಮೇಲಿನ ತರಗತಿಗಳ ವಿಷಯ.

ಕನ್ನಡವು ದಾರಿ ತಪ್ಪಿಸುವ ಸಂದರ್ಭವೂ ಒಂದುಂಟು, ಮತ್ತು ಅದು ಸ್ಥಾನಕ್ಕೆ ಸಂಬಂಧಿಸಿದ್ದಲ್ಲ, ರೂಪಕ್ಕೆ ಸಂಬಂಧಿಸಿದ್ದು. ‘ನಾನು ಬಂದರೆ, ನೀನು ಬಂದರೆ, ಅವರು ಬಂದರೆ’ ಎಂಬಲ್ಲಿ ಕರ್ತೃ ಬದಲಾದರೂ ‘ಬಂದರೆ’ ಬದಲಾಗುವುದಿಲ್ಲ. ‘ಬಂದುದರಿಂದ’ ಎಂಬುದೂ ಹಾಗೆಯೇ, ‘ಬೇಕು’ ಎಂಬುದೂ ಹಾಗೆಯೇ. ಜರ್ಮನಿನ ಕ್ರಿಯಾಪದವಾದರೋ ಕೊನೆಗೆ ಹೋದ ಮಾತ್ರಕ್ಕೆ ತನ್ನ ಪ್ರತ್ಯಯವನ್ನು ಕಳಚಿಡುವುದಿಲ್ಲ: ‘ವೆನ್ ಇಷ್ ಕೊಮ್ಮೆ’, ‘ವೆನ್ ದು ಕೊಮ್ಸ್ಟ್’, ‘ವೆನ್ ಏರ್ ಕೊಮ್ಟ್’. ಕನ್ನಡದ ಜಾಡಿನಲ್ಲಿ ಬಂದವನು ಕ್ರಿಯಾಪದವನ್ನು ಕೊನೆಯಲ್ಲಿ ಸರಿಯಾಗಿ ಇಟ್ಟು, ಪ್ರತ್ಯಯವನ್ನು ಮಾತ್ರ ಮರೆತು, ‘ವೆನ್ ದು ಕೊಮ್ಮೆನ್’ ಎಂದು ಬರೆದುಬಿಡುತ್ತಾನೆ. ‘ಎಂದು’ ಒಂದೇ ಇದಕ್ಕೆ ಹೊರತು; ‘ಬರುತ್ತೇನೆ ಎಂದು, ಬರುತ್ತೀಯೆ ಎಂದು’ ಎನ್ನುವಾಗ ನಮ್ಮ ಕ್ರಿಯಾಪದವೂ ಪೂರ್ಣರೂಪದಲ್ಲಿಯೇ ಇರುತ್ತದೆ. ಆದುದರಿಂದಲೇ ಮೂರರಲ್ಲಿ ದಸ್ ಎಂಬುದನ್ನು ಮೊದಲು ಅಭ್ಯಾಸಮಾಡಿ, ವೈಲ್ ಮತ್ತು ವೆನ್‌ಗಳನ್ನು ಅನಂತರ ಎತ್ತಿಕೊಳ್ಳುವುದು ನಮ್ಮವರಿಗೆ ಹಿತ. ಪುಸ್ತಕಗಳು ಸಾಮಾನ್ಯವಾಗಿ ವೈಲ್ ಎಂಬುದರಿಂದ ಆರಂಭಿಸುತ್ತವೆ. ಈ ಕ್ರಮವನ್ನು ನಾವು ಮುರಿಯಬೇಕು.

ಉರ್ದುವೂ ಕನ್ನಡವೂ ಎರಡೂ ಕೈಬಿಡುವ ಎಡೆ ಮುಂದಿನದು. ಉಪವಾಕ್ಯವು ಮೊದಲು ಬಂದರೆ ಪ್ರಧಾನವಾಕ್ಯವು ತನ್ನ ಕ್ರಿಯಾಪದದಿಂದಲೇ ಆರಂಭವಾಗಬೇಕು. ‘ವೆನ್ ದೇರ್ ತ್ಸೂಗ್ ಇನ್ ವಾಡಿ ಆನ್‌ಕೊಮ್ಟ್, ಶ್ಟೈಗೆ ಇಷ್ ಉಮ್’: ಗಾಡಿ ವಾಡಿಯನ್ನು ತಲುಪಿದಾಗ ನಾನು ಗಾಡಿ ಬದಲಿಸುತ್ತೇನೆ. ಇದು ಹೊಸ ನಿಯಮವೆಂದು ಭಾವಿಸುವುದರಿಂದಲೇ ಗೊಂದಲ. ಇಡೀ ಉಪವಾಕ್ಯವೇ ಒಂದನೆಯ ಸ್ಥಾನವನ್ನು ಆಕ್ರಮಿಸಿದೆಯೆಂದು ಎಣಿಸಿದರೆ, ಶ್ಟೈಗೆ ಎಂಬುದು ತನಗೆ ವಿಹಿತವಾದ ಎರಡನೆಯ ಸ್ಥಾನದಲ್ಲಿಯೇ ಇದೆ. ವಿರಾಮಚಿಹ್ನೆಯ ಎರಡು ಬದಿಗೂ ಎರಡು ಕ್ರಿಯಾಪದಗಳು, ಇಲ್ಲಿ ಆನ್‌ಕೊಮ್ಟ್ ಮತ್ತು ಶ್ಟೈಗೆ, ಒಂದಕ್ಕೊಂದು ತಾಗಿಕೊಂಡು ನಿಂತಿದ್ದರೆ ವಾಕ್ಯ ಸರಿಯಾಗಿದೆ. ಅವುಗಳ ನಡುವೆ ‘ಇಷ್’ ನುಸುಳಿದ್ದರೆ ತಪ್ಪಾಗಿದೆ. ಇನ್ನೊಂದು ಅಂಶವನ್ನೂ ಈ ವಾಕ್ಯದಲ್ಲಿ ಗಮನಿಸಬೇಕು: ಪ್ರಧಾನವಾಕ್ಯದಲ್ಲಿ ಶ್ಟೈಗೆ, ಉಮ್ ಎಂದು ಸೀಳಿಹೋದ ಕ್ರಿಯಾಪದವಿದ್ದರೆ, ಉಪವಾಕ್ಯದ ಕೊನೆಯಲ್ಲಿ ಆನ್‌ಕೊಮ್ಟ್ ಎಂಬುದು ಒಂದೇ ಪದವಾಗಿ ಕೂಡಿಕೊಂಡಿದೆ.

ಪದಕ್ರಮವನ್ನು ಕೆಡಿಸದೆ ಕಾರಣ ಹೇಳುವ ದೆನ್ ಎಂಬ ಅವ್ಯಯವೂ ಜರ್ಮನಿನಲ್ಲಿ ಉಂಟು: ‘ದೆನ್ ಇಷ್ ಬಿನ್ ಕ್ರಾಂಕ್’. ಇದು ನಮ್ಮ ‘ಏಕೆಂದರೆ’ ಎಂಬುದಕ್ಕೆ ಸಮೀಪವಾದದ್ದು, ‘ಏಕೆಂದರೆ’ಯ ಅನಂತರ ನಾವು ಪೂರ್ಣವಾಕ್ಯವನ್ನೇ ಹೇಳುತ್ತೇವೆ, ಅದನ್ನು ಮುಖ್ಯಮಾತಿಗಿಂತ ಮೊದಲು ತರಲೂ ನಮ್ಮಿಂದಾಗದು, ದೆನ್ ಕೂಡ ಹಾಗೆಯೇ. ವೈಲ್ ಎಂಬುದು ‘ಕಾಯಿಲೆಯಾದುದರಿಂದ’ ಎಂಬ ಮಾತಿನಂತೆ ಹಿಂದೆಯೂ ಮುಂದೆಯೂ ಬರಬಲ್ಲದು. ಜರ್ಮನರು ಸಂಭಾಷಣೆಯಲ್ಲಿ ವೈಲ್ ಎಂಬುದರ ಬೆನ್ನಿಗೂ ಕ್ರಿಯಾಪದವನ್ನು ಎರಡನೆಯ ಸ್ಥಾನದಲ್ಲಿಡುವುದುಂಟು; ಅದನ್ನು ಕೇಳಿ ಬಂದವನು ಪರೀಕ್ಷೆಯಲ್ಲಿ ಹಾಗೆ ಬರೆದರೆ ಅಂಕ ಹೋಗುತ್ತದೆ.

1853ರಲ್ಲಿ ಬಾಸೆಲ್ ಮಿಷನ್ನಿನ ಮೂಲಕ ನಮ್ಮ ನಾಡಿಗೆ ಬಂದ ಫರ್ಡಿನಂಡ್ ಕಿಟ್ಟೆಲರು ಇದೇ ಹಾದಿಯಲ್ಲಿ ಎದುರು ದಿಕ್ಕಿನಿಂದ ನಡೆದವರು. ಉಪವಾಕ್ಯದಲ್ಲಿ ಕ್ರಿಯಾಪದವನ್ನು ಕಡೆಗಿಡುವ ಭಾಷೆಯನ್ನು ಹುಟ್ಟಿನಿಂದ ಆಡಿದ ಅವರು, ಪ್ರತಿಯೊಂದು ವಾಕ್ಯದಲ್ಲಿಯೂ ಹಾಗೆಯೇ ಇಡುವ ಭಾಷೆಯನ್ನು ಕಲಿತು, 1894ರಲ್ಲಿ ನಿಘಂಟನ್ನೂ 1903ರಲ್ಲಿ ವ್ಯಾಕರಣವನ್ನೂ ಪ್ರಕಟಿಸಿದರು. ಎರಡನ್ನೂ ಅವರು ಬರೆದದ್ದು ಇಂಗ್ಲಿಷಿನ ಮೂಲಕ. ಜರ್ಮನ್ ಕಲಿಯುವ ಕನ್ನಡಿಗನೂ ಇಂದಿಗೂ ಇಂಗ್ಲಿಷಿನ ಮೂಲಕವೇ ಹೋಗುತ್ತಿದ್ದಾನೆ. ಕಿಟ್ಟೆಲರ ಓದುಗರಿಗೆ ಅದು ಅನಿವಾರ್ಯವಾಗಿತ್ತು, ನಮಗೆ ಈ ಒಂದು ಪಾಠದಲ್ಲಂತೂ ಅನಿವಾರ್ಯವಲ್ಲ.

ಆದುದರಿಂದ ಸೇಡಂನಲ್ಲಾಗಲಿ ಚಿಂಚೋಳಿಯಲ್ಲಾಗಲಿ ಕುಳಿತು ಈ ಅಭ್ಯಾಸವನ್ನು ಮಾಡುವವರಲ್ಲಿಯೂ ಮಾಡಿಸುವವರಲ್ಲಿಯೂ ನನ್ನದೊಂದು ವಿಜ್ಞಾಪನೆ. ಎರಡು ವಾಕ್ಯಗಳನ್ನು ಜೋಡಿಸುವ ಮೊದಲು ಉಪವಾಕ್ಯವನ್ನು ಒಮ್ಮೆ ಉರ್ದುವಿನಲ್ಲಿ ಹೇಳಿ ಅವ್ಯಯದ ಸ್ಥಾನವನ್ನು ನೋಡಿಕೊಳ್ಳಿರಿ. ಒಮ್ಮೆ ಕನ್ನಡದಲ್ಲಿ ಹೇಳಿ ಕ್ರಿಯಾಭಾಗಗಳ ಕ್ರಮವನ್ನು ನೋಡಿಕೊಳ್ಳಿರಿ. ಜರ್ಮನಿನಲ್ಲಿ ಬರೆದಾದ ಮೇಲೆ ಉಪವಾಕ್ಯದ ಕೊನೆಯ ಪದವೊಂದನ್ನೇ ಬೆರಳಿನಿಂದ ಹಿಡಿದು, ಅದರ ಪ್ರತ್ಯಯವು ಕರ್ತೃವಿಗೆ ಹೊಂದುತ್ತದೆಯೇ ಎಂದು ಪರೀಕ್ಷಿಸಿರಿ. ಇಂಗ್ಲಿಷನ್ನು ಆ ಹೊತ್ತಿಗೆ ಪಕ್ಕಕ್ಕಿಡಿರಿ.